ಬೆನ್ನಿನ ಮೇಲಿನ ಪೆನ್ನಿನ ಗುರುತು

ಪ್ರಶ್ನೆ: ಅಪ್ಪನಿಗೆ 68 ವರ್ಷ. ಬಲ ಶ್ವಾಸಕೋಶದ ಸುತ್ತ ಎರಡನೇ ಸಲ ನೀರು ತುಂಬಿದೆ. ಹೋದ ಸಲ ಸ್ಕ್ಯಾನಿಂಗ್ ರೂಮಿನಲ್ಲಿ ಬೆನ್ನಿಗೆ ಗುರುತು ಹಾಕಿ ವಾರ್ಡಿಗೆ ಕಳಿಸಿದರು. ಅಲ್ಲಿ ಎರಡು ಸಲ ಚುಚ್ಚಿದರೂ ನೀರು ಬರಲಿಲ್ಲ. ನಾಳೆ ಮತ್ತೆ ತೆಗೆಯುತ್ತಾರಂತೆ. ಗುರುತಿದ್ದೂ ಹಾಗೇಕಾಯಿತು? ತೆಗೆದ ಮೇಲೆ ನಾವೇನು ನೋಡಿಕೊಳ್ಳಬೇಕು?

ಶ್ವಾಸಕೋಶ ತಜ್ಞೆ: ಸ್ಕ್ಯಾನ್ ಮಾಡುವಾಗ ಅಪ್ಪನನ್ನು ಮಲಗಿಸಿದ್ದರಾ, ಕೂರಿಸಿದ್ದರಾ?

ಕೇಳಿದವರು: ಎಡಮಗ್ಗುಲಿಗೆ ಮಲಗಿಸಿದ್ದರು ಮೇಡಂ. ವಾರ್ಡಿನಲ್ಲಿ ಕೂರಿಸಿ ಚುಚ್ಚಿದರು.

ಶ್ವಾಸಕೋಶ ತಜ್ಞೆ: ಹಾಗಿದ್ದರೆ ಕಾರಣ ಬಹುಶಃ ಅದೇ. ಮಲಗಿದವರು ಎದ್ದು ಕೂತರೆ ಒಳಗಿನ ನೀರು ಕೆಳಕ್ಕೆ ಇಳಿಯುತ್ತದೆ, ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ ಜಾಗ ಬದಲಾಗುತ್ತದೆ, ಚರ್ಮವೂ ಪಕ್ಕೆಲುಬಿನ ಮೇಲೆ ಜರುಗುತ್ತದೆ. ನಾನು ಕಲಿಯುತ್ತಿದ್ದ ಕಾಲದಲ್ಲಿ ಹೀಗೇ ಗುರುತು ಹಾಕಿಸಿಕೊಂಡು ಬಂದ ಒಬ್ಬರನ್ನು ಕೂರಿಸಿ, ಸುಮ್ಮನೆ ಒಮ್ಮೆ ನೋಡೋಣವೆಂದು ಸ್ಕ್ಯಾನಿಂಗ್ ಪ್ರೋಬ್ ಇಟ್ಟೆ. ಗುರುತಿನ ನೇರಕ್ಕೆ ಕಂಡಿದ್ದು ನೀರಲ್ಲ, ಯಕೃತ್ತು. ನೀರು ಎರಡು ಬೆರಳು ಮೇಲಿತ್ತು. ಅಂದಿನಿಂದ ನಾನು ಬೇರೆಯವರು ಹಾಕಿದ ಗುರುತಿನ ಮೇಲೆ ಚುಚ್ಚಿಲ್ಲ.

ನಾಳೆ ಒಂದೇ ಮಾತು ಕೇಳಿ: "ಚುಚ್ಚುವ ಭಂಗಿಯಲ್ಲೇ, ಚುಚ್ಚುವ ಮುಂಚೆ ಸ್ಕ್ಯಾನ್ ಮಾಡ್ತೀರಾ?" ಅಪ್ಪ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು, ಎದುರಿನ ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ಎರಡೂ ಕೈ ಮಡಚಿ ತಲೆ ಒರಗಿಸಿ ಕೂರಬೇಕು. ಹಾಗೆ ಕೂತರೆ ಹೆಗಲ ಮೂಳೆ ಪಕ್ಕಕ್ಕೆ ಸರಿದು, ಪಕ್ಕೆಲುಬುಗಳ ನಡುವೆ ಜಾಗ ತೆರೆದುಕೊಳ್ಳುತ್ತದೆ. ವೈದ್ಯರು ಪರದೆಯ ಮೇಲೆ ಮೊದಲು ವಪೆ ಎಲ್ಲಿದೆ ಎಂದು ಗುರುತಿಸಿ, ಅದರ ಮೇಲೆ ನೀರಿನ ಪದರ ದಪ್ಪವಾಗಿರುವ ಜಾಗ ಹುಡುಕುತ್ತಾರೆ. ಪದರ ಒಂದು ಸೆಂಟಿಮೀಟರಿಗಿಂತ ತೆಳುವಾಗಿದ್ದರೆ ಸಾಮಾನ್ಯವಾಗಿ ಚುಚ್ಚುವುದಿಲ್ಲ. ಸೂಜಿ ಕೆಳಗಿನ ಪಕ್ಕೆಲುಬಿನ ಮೇಲಂಚಿಗೆ ತಾಗಿಕೊಂಡು ಹೋಗುತ್ತದೆ, ಏಕೆಂದರೆ ರಕ್ತನಾಳ ಮತ್ತು ನರ ಮೇಲಿನ ಪಕ್ಕೆಲುಬಿನ ಕೆಳಗೆ ಇರುತ್ತವೆ. ವಯಸ್ಸಾದವರಲ್ಲಿ ಬೆನ್ನುಮೂಳೆಯ ಹತ್ತಿರ ಆ ರಕ್ತನಾಳ ಡೊಂಕಾಗಿ ನಡುಜಾಗಕ್ಕೇ ಬಂದಿರಬಹುದು. ಅದಕ್ಕೇ ನಾವು ಬೆನ್ನುಮೂಳೆಯಿಂದ ಸಾಕಷ್ಟು ಪಕ್ಕಕ್ಕೆ ಸರಿಯುತ್ತೇವೆ.

ಕೇಳಿದವರು: ಅಪ್ಪನಿಗೆ ಅಷ್ಟು ಹೊತ್ತು ಬಗ್ಗಿ ಕೂರಲು ಆಗದಿದ್ದರೆ?

ಶ್ವಾಸಕೋಶ ತಜ್ಞೆ: ತಲೆಯ ಕಡೆ ಎತ್ತರಿಸಿದ ಮಂಚದಲ್ಲಿ ಒರಗಿಸಿ, ಬಲಗೈ ತಲೆಯ ಮೇಲಿಟ್ಟು ಕಂಕುಳ ಕೆಳಗಿನ ಪಕ್ಕೆಯಿಂದ ತೆಗೆಯಬಹುದು. ಆಗ ಸ್ಕ್ಯಾನ್ ಕೂಡ ಅದೇ ಭಂಗಿಯಲ್ಲಿ ಆಗಬೇಕು.

ಮತ್ತೊಬ್ಬರು: ನಮ್ಮಮ್ಮನಿಗೆ ಐದು ಲೀಟರ್ ತೆಗೆದರು, ಸಂಜೆಗೆ ಎದ್ದು ಓಡಾಡಿದರು. ಹೆದರಬೇಡಿ, ಪೂರ್ತಿ ತೆಗೆಸಿಬಿಡಿ.

ಶ್ವಾಸಕೋಶ ತಜ್ಞೆ: ಅದು ಹೊಟ್ಟೆಯ ನೀರೇ?

ಮತ್ತೊಬ್ಬರು: ಹೌದು ಮೇಡಂ, ಲಿವರ್ ತೊಂದರೆಯಿಂದ ಬಂದದ್ದು.

ಶ್ವಾಸಕೋಶ ತಜ್ಞೆ: ಎದೆಯ ಲೆಕ್ಕ ಬೇರೆ. ದಿನಗಟ್ಟಲೆ ಮುದುಡಿಕೊಂಡಿದ್ದ ಶ್ವಾಸಕೋಶ ಒಮ್ಮೆಲೇ ಹಿಗ್ಗಿದರೆ ಅದರ ಒಳಗೇ ನೀರು ಒಸರಬಹುದು. ಅಪರೂಪ, ಆದರೆ ಅಪಾಯದ್ದು.

ಸ್ಟಾಫ್ ನರ್ಸ್: ಅದಕ್ಕೇ ಒಂದೂವರೆ ಲೀಟರಿಗೆ ನಿಲ್ಲಿಸುವುದು. ಅದರೊಳಗಿದ್ದರೆ ಏನೂ ಆಗಲ್ಲ. ಆಮೇಲೆ ಎಲ್ಲರಿಗೂ ಎಕ್ಸ್‌ರೇ ಕಡ್ಡಾಯ.

ಶ್ವಾಸಕೋಶ ತಜ್ಞೆ: ಒಂದೂವರೆ ಲೀಟರಿಗೆ ನಿಲ್ಲಿಸುವುದು ಸರಿ ಸಿಸ್ಟರ್, ನಾನೂ ಅಲ್ಲೇ ನಿಲ್ಲಿಸುತ್ತೇನೆ. ಆದರೆ ಅದರೊಳಗಿದ್ದರೆ ಏನೂ ಆಗಲ್ಲ ಎನ್ನುವಂತಿಲ್ಲ. 800 ಎಂಎಲ್‌ಗೇ ಎದೆ ಬಿಗಿದರೆ, ಕೆಮ್ಮು ನಿಲ್ಲದೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಅಪ್ಪ ಅದನ್ನು ಸಹಿಸಿಕೊಂಡು ಕೂರಬಾರದು, ಬಾಯಿಬಿಟ್ಟು ಹೇಳಬೇಕು. ಎಕ್ಸ್‌ರೇ ಎಲ್ಲರಿಗೂ ಬೇಕಿಲ್ಲ. ಸಿರಿಂಜಿನಲ್ಲಿ ಗಾಳಿ ಬಂದರೆ, ಹಲವು ಸಲ ಚುಚ್ಚಬೇಕಾಗಿ ಬಂದರೆ, ಉಸಿರಾಟದ ತೊಂದರೆ ಹೊಸದಾಗಿ ಕಾಣಿಸಿದರೆ ಬೇಕೇ ಬೇಕು.

ಕಿರಿಯ ವೈದ್ಯ: ಮೇಡಂ, ಒಪ್ಪುತ್ತೇನೆ, ಆದರೂ ವಯಸ್ಸಾದವರಿಗೆ ನಾನು ಮಾಡಿಸಿಯೇ ಮನೆಗೆ ಕಳಿಸುತ್ತೇನೆ.

ಶ್ವಾಸಕೋಶ ತಜ್ಞೆ: ಅದನ್ನು ತಪ್ಪೆನ್ನಲಾರೆ. ನಾನು ಪ್ರೋಬ್ ಇಟ್ಟು ಶ್ವಾಸಕೋಶ ಉಸಿರಿನ ಜೊತೆ ಜಾರಾಡುವುದನ್ನು, ಅಂದರೆ ಸುತ್ತ ಗಾಳಿ ಸೇರಿಲ್ಲ ಎನ್ನುವುದನ್ನು, ನೋಡಿ ಮನೆಗೆ ಬಿಡುತ್ತೇನೆ.

ಮನೆಯವರಿಗೆ: ತೆಗೆದ ಕೂಡಲೇ ಸ್ವಲ್ಪ ಕೆಮ್ಮು, ಚುಚ್ಚಿದ ಜಾಗದಲ್ಲಿ ನೋವು ಸಹಜ. ಕೆಮ್ಮು ಹೆಚ್ಚಾಗುತ್ತಾ ನಸುಗೆಂಪು ನೊರೆಕಫ ಬಂದರೆ ಶ್ವಾಸಕೋಶದೊಳಗೆ ನೀರು ಒಸರುತ್ತಿದೆ ಎಂದು ಅನುಮಾನಿಸಬೇಕು. ಇದು ಹೆಚ್ಚಾಗಿ ಮೊದಲ ಒಂದೆರಡು ಗಂಟೆಯಲ್ಲೇ ಕಾಣಿಸುತ್ತದೆ, ಒಂದು ದಿನದವರೆಗೂ ಬರಬಹುದು. ಉಸಿರೆಳೆದಾಗ ಒಂದೇ ಪಕ್ಕ ಚುಚ್ಚಿದಂತೆ ನೋವು, ಜೊತೆಗೆ ಉಸಿರಾಡಲು ಕಷ್ಟವಾದರೆ ಶ್ವಾಸಕೋಶದ ಸುತ್ತ ಗಾಳಿ ಸೇರಿರಬಹುದು. ಮೈ ತಣ್ಣಗಾಗಿ ಬೆವರಿ, ತಲೆ ಸುತ್ತಿ, ನಾಡಿ ಓಡುತ್ತಿದ್ದರೆ ಒಳಗೆ ರಕ್ತಸ್ರಾವದ ಭಯ. ಈ ಮೂರರಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಜ್ವರ ಬಂದರೆ, ಚುಚ್ಚಿದ ಜಾಗ ಕೆಂಪಗಾಗಿ ಒಸರಿದರೆ ಅದೇ ದಿನ ತೋರಿಸಿ.

ಕೇಳಿದವರು: ಮೇಡಂ, ಅಪ್ಪ ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತಗೋತಾರೆ. ಇವತ್ತು ರಾತ್ರಿಯದು ಬಿಡಿಸಲಾ?

ಶ್ವಾಸಕೋಶ ತಜ್ಞೆ: ನೀವಾಗಿ ಬಿಡಿಸಬೇಡಿ. ಈಗಲೇ ವಾರ್ಡಿಗೆ ಫೋನ್ ಮಾಡಿ ಮಾತ್ರೆಯ ಹೆಸರು, ಕೊನೆಯದಾಗಿ ಯಾವಾಗ ತಗೊಂಡರು ಎರಡನ್ನೂ ಹೇಳಿ. ಬಿಡಬೇಕೋ ಬೇಡವೋ, ನಾಳೆಯೇ ತೆಗೆಯಬಹುದೋ ಅನ್ನುವುದನ್ನು ಅವರೇ ಹೇಳಬೇಕು.