ಹಲ್ಲು ಸಡಿಲ, ಹಸಿವೂ ಇಲ್ಲ: ಅಮ್ಮನ ಊಟದ ಬಗ್ಗೆ ಆಹಾರತಜ್ಞೆಗೆ ಪ್ರಶ್ನೆಗಳು

ರೇಖಾ, ಹುಣಸೂರು: ಮೇಡಂ, ಅಮ್ಮನಿಗೆ 76. ಮೇಲಿನ ಹಲ್ಲು ನಾಲ್ಕೇ ಉಳಿದಿವೆ, ಕಟ್ಟಿಸಿದ ಸೆಟ್ಟು ಸಡಿಲವಾಗಿದೆ ಅಂತ ತೆಗೆದಿಟ್ಟಿದ್ದಾರೆ. ಸಾರನ್ನ ಎರಡು ತುತ್ತು, ಆಮೇಲೆ ರಾಗಿ ಗಂಜಿ, ಅಷ್ಟೇ. ನಾಲ್ಕು ತಿಂಗಳಲ್ಲಿ 48 ಕೆ.ಜಿ.ಯಿಂದ 43ಕ್ಕೆ ಇಳಿದಿದ್ದಾರೆ. ಗಂಜಿ ಕುಡಿಯುವಾಗ ಸ್ವಲ್ಪ ಕೆಮ್ಮು ಬರುತ್ತೆ. ಮೆತ್ತಗಿನ ಅಡುಗೆ ಏನೇನು ಮಾಡಬಹುದು?

ಮಂಜುನಾಥ, ಮಂಡ್ಯ: ಮುದ್ದೆ ಕೊಡಿ ಅಕ್ಕ. ಅಗಿಯೋ ಕೆಲಸವೇ ಇಲ್ಲ, ನುಂಗೋದು ಅಷ್ಟೆ.

ಸಾವಿತ್ರಿ: ಕೆಮ್ಮು ಬಂದರೆ ಗಂಜಿ ಇನ್ನೂ ತೆಳ್ಳಗೆ ಮಾಡಿ, ಸಲೀಸಾಗಿ ಇಳಿಯುತ್ತೆ.

ವಸುಧಾ, ಆಹಾರತಜ್ಞೆ: ರೇಖಾ ಅವರೇ, ಅಡುಗೆ ಆಮೇಲೆ ಹೇಳುತ್ತೇನೆ. ನೀರು ಕುಡಿದಾಗಲೂ ಕೆಮ್ಮುತ್ತಾರಾ? ಊಟ ಆದ ಮೇಲೆ ದನಿ ಗಂಟಲಲ್ಲಿ ನೀರು ನಿಂತ ಹಾಗೆ ಒದ್ದೆಯಾಗಿ ಕೇಳುತ್ತದಾ? ಆಗಾಗ ಸಣ್ಣ ಜ್ವರ, ಕಫ ಇದೆಯಾ?

ರೇಖಾ: ನೀರಿಗೂ ಕೆಮ್ಮುತ್ತಾರೆ ಮೇಡಂ. ದನಿಯೂ ನೀವು ಹೇಳಿದ ಹಾಗೇ. ಜ್ವರ ಹೋದ ತಿಂಗಳು ಎರಡು ಸಲ ಬಂದಿತ್ತು, ಶೀತ ಅಂದುಕೊಂಡೆವು.

ವಸುಧಾ: ಹಾಗಾದರೆ ಇದು ಬರೀ ಹಲ್ಲಿನ ಮಾತಲ್ಲ. ನುಂಗಿದ್ದರಲ್ಲಿ ಸ್ವಲ್ಪ ಅನ್ನನಾಳ ಬಿಟ್ಟು ಶ್ವಾಸನಾಳದ ಕಡೆ ಹೋಗುತ್ತಿರಬಹುದು. ಅದು ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ಆಗುತ್ತದೆ. ನಾಲ್ಕು ತಿಂಗಳಲ್ಲಿ 48ರಲ್ಲಿ 5 ಕೆ.ಜಿ. ಹೋಗುವುದೂ ವಯಸ್ಸಾಯಿತು ಅಂತ ಬಿಡುವಂಥದ್ದಲ್ಲ. ಈ ವಾರವೇ ವೈದ್ಯರಿಗೆ ತೋರಿಸಿ, ಜ್ವರದ ವಿಷಯವನ್ನೂ ಹೇಳಿ. ನುಂಗುವುದನ್ನು ಪರೀಕ್ಷೆ ಮಾಡುವವರು ಸ್ಪೀಚ್ ಥೆರಪಿಯವರು. ನಿಮಗೆ ಹತ್ತಿರ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮತ್ತೆ ಜ್ವರ ಬಂದರೆ ಅಥವಾ ಉಸಿರಾಟ ಏರಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸಾವಿತ್ರಿಯವರೇ, ತೆಳ್ಳಗೆ ಮಾಡಿ ಅನ್ನುವುದು ಹಲ್ಲಿಲ್ಲದವರಿಗೆ ಸರಿ, ಇವರಿಗೆ ತಪ್ಪು. ತೆಳ್ಳಗಿರುವುದು ಗಂಟಲು ಸಿದ್ಧವಾಗುವ ಮೊದಲೇ ಜಾರಿ ಹೋಗುತ್ತದೆ. ಸಾರನ್ನ ಇನ್ನೂ ಕಷ್ಟ, ಅಗಿಯಬೇಕಾದ ಅಗುಳೂ ಓಡುವ ನೀರೂ ಬಾಯಲ್ಲಿ ಒಟ್ಟಿಗೆ ಇರುತ್ತವೆ. ಮಂಜುನಾಥ್ ಅವರೇ, ಮುದ್ದೆಯ ತುತ್ತು ಅಂಟಿ ಗಂಟಲಲ್ಲಿ ನಿಂತರೆ ಉಸಿರೇ ಕಟ್ಟುತ್ತದೆ. ಈ ಅಮ್ಮನಿಗೆ ಬೇಡ.

ಮಂಜುನಾಥ: ನಮ್ಮ ಕಡೆ ತೊಂಬತ್ತು ವರ್ಷದವರೂ ಮುದ್ದೆಯಲ್ಲೇ ಇದ್ದಾರೆ ಮೇಡಂ.

ಬಸವರಾಜ, ಧಾರವಾಡ: ನಿಮ್ಮ ಮಂದಿಗೆ ರೂಢಿ ಐತ್ರಿ. ಜ್ವಾಳದ ನುಚ್ಚು ಮೆತ್ತಗ ಕುದಿಸಿ ಮಜ್ಜಿಗಿ ಹಾಕಿ ಕೊಟ್ರ ಅದರಷ್ಟು ಹಗುರ ಯಾವ್ದೂ ಇಲ್ಲ.

ಮಂಜುನಾಥ: ರಾಗಿಯಲ್ಲಿರೋ ಕ್ಯಾಲ್ಸಿಯಂ ಜೋಳದಲ್ಲಿ ಎಲ್ಲಿದೆ ಸ್ವಾಮಿ?

ಬಸವರಾಜ: ಗಂಟಲದಾಗ ಇಳೀಲಿಲ್ಲಂದ್ರ ಕ್ಯಾಲ್ಸಿಯಂ ತಗೊಂಡು ಏನ್ ಮಾಡೂದ್ರಿ?

ವಸುಧಾ: ನುಚ್ಚು ಮಜ್ಜಿಗೆಯೂ ಸಾರನ್ನದ ಹಾಗೇ, ನೀರಲ್ಲಿ ಕಾಳು. ನುಣ್ಣಗೆ ರುಬ್ಬಿ ಗಟ್ಟಿ ಮೊಸರಿನಲ್ಲಿ ಕಲಸಿದರೆ ಆಗುತ್ತದೆ. ರಾಗಿ, ಜೋಳದ ಜಗಳ ಇಲ್ಲಿ ಬೇಡ.

ರೇಖಾ ಅವರೇ, ಪರೀಕ್ಷೆ ಆಗುವವರೆಗೆ ಹೀಗೆ ಮಾಡಿ. ಕಾಲು ಕಪ್ ಅಕ್ಕಿ, ಕಾಲು ಕಪ್ ಹೆಸರುಬೇಳೆ, ಎರಡೂವರೆ ಕಪ್ ನೀರು. ಆರು ವಿಷಲ್ ಕೂಗಿಸಿ, ಬಿಸಿ ಇರುವಾಗಲೇ ಕಡಗೋಲಿನಲ್ಲಿ ಮಸೆದು ಜರಡಿಯಲ್ಲಿ ಇಳಿಸಿ. ಸಾಸಿವೆ, ಕರಿಬೇವಿನ ಒಗ್ಗರಣೆ ಬೇಡ, ಸಿಪ್ಪೆ ಗಂಟಲಿಗೆ ಅಂಟುತ್ತದೆ. ಎರಡು ಟೀ ಚಮಚ ತುಪ್ಪದಲ್ಲಿ ಜೀರಿಗೆ ಪುಡಿ ಬಿಸಿ ಮಾಡಿ ಹಾಕಿದರೆ ಪರಿಮಳ ಸಾಕು. ಹದ ನೋಡುವುದು ಸುಲಭ. ಚಮಚದಲ್ಲಿ ಗುಪ್ಪೆಯಾಗಿ ನಿಲ್ಲಬೇಕು, ಓರೆ ಮಾಡಿದರೆ ಇಡಿಯಾಗಿ ಜಾರಿ ಬೀಳಬೇಕು. ತಟ್ಟೆಯಲ್ಲಿ ನೀರು ಬೇರೆಯಾದರೆ ತೆಳುವಾಯಿತು, ಚಮಚಕ್ಕೆ ಅಂಟಿ ಉಳಿದರೆ ಗಟ್ಟಿಯಾಯಿತು. ಆರಿದಂತೆ ಗಟ್ಟಿಯಾಗುವುದರಿಂದ ಕೊಡುವ ಹೊತ್ತಿಗೆ ನೋಡಿ.

ಇನ್ನೊಂದು ಲೆಕ್ಕ. ಎರಡು ದೊಡ್ಡ ಚಮಚ ಹಿಟ್ಟಿನ ಒಂದು ಲೋಟ ಗಂಜಿಯಲ್ಲಿ ಸುಮಾರು 50 ಕ್ಯಾಲೊರಿ, ಒಂದು ಗ್ರಾಂ ಪ್ರೋಟೀನ್. ಹೊಟ್ಟೆ ತುಂಬುವುದು ನೀರಿನಿಂದ. ಇವರಿಗೆ ದಿನಕ್ಕೆ 45ರಿಂದ 50 ಗ್ರಾಂ ಪ್ರೋಟೀನ್ ಬೇಕು. ಮೊಟ್ಟೆ ತಿನ್ನುತ್ತಾರಾ?

ರೇಖಾ: ತಿನ್ನುತ್ತಾರೆ, ಬೇಯಿಸಿದ್ದು ಅಗಿಯಲು ಆಗಲ್ಲ.

ಪ್ರಕಾಶ: ಈಗಷ್ಟೇ ಬಂದ ಮೆಸೇಜು: ಹಸಿ ಮೊಟ್ಟೆಯ ಹಳದಿ, ಜೇನುತುಪ್ಪ, ಬಿಸಿ ಹಾಲು, 21 ದಿನ. ಊಟಕ್ಕೆ ಮುಂಚೆ ಒಂದು ಲೋಟ ಶುಂಠಿ ಕಷಾಯ. ಸತ್ತ ಹಸಿವೂ ಎದ್ದು ಬರುತ್ತೆ!

ವಸುಧಾ: ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದ್ದರೆ ವಯಸ್ಸಾದವರಿಗೆ ಭೇದಿಯೇ ಪ್ರಾಣಕ್ಕೆ ಬರುತ್ತದೆ. ಒಂದು ಲೋಟ ಕಷಾಯ ಕುಡಿದವರಿಗೆ ಊಟಕ್ಕೆ ಜಾಗ ಎಲ್ಲಿ? ತೆಳುವಾದದ್ದಕ್ಕೇ ಕೆಮ್ಮುವವರಿಗೆ ಅದನ್ನು ಕುಡಿಸಬೇಡಿ. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ.

ರೇಖಾ ಅವರೇ, ಮೊಟ್ಟೆಯನ್ನು ಗಿಣ್ಣಿನ ಹಾಗೆ ಮಾಡಿ. ಒಂದು ಮೊಟ್ಟೆ, 150 ಮಿ.ಲೀ. ಕಾಯಿಸಿ ಆರಿಸಿದ ಹಾಲು, ಎರಡು ಟೀ ಚಮಚ ಬೆಲ್ಲದ ಪುಡಿ, ಎರಡು ದೊಡ್ಡ ಚಮಚ ಹಾಲಿನ ಪುಡಿ, ಏಲಕ್ಕಿ. ನೊರೆ ಬಾರದಂತೆ ಕದಡಿ, ಸೋಸಿ, ಬಟ್ಟಲಿಗೆ ತಟ್ಟೆ ಮುಚ್ಚಿ ಇಡ್ಲಿ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಇಡಿ. ನಡುವೆಯೂ ಪೂರ್ತಿ ಗಟ್ಟಿಯಾಗಿರಬೇಕು. ಉರಿ ಜೋರಾದರೆ ತೂತು ಬಿದ್ದು ನೀರು ಬಿಡುತ್ತದೆ, ಆ ನೀರೇ ಇವರಿಗೆ ತೊಂದರೆ. ಒಂದು ಬಟ್ಟಲಿನಲ್ಲಿ 14 ಗ್ರಾಂ ಹತ್ತಿರ ಪ್ರೋಟೀನ್. ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಕೊಡಿ.

ಪದ್ಮಾ: ನಾವು ಮೊಟ್ಟೆ ಮುಟ್ಟಲ್ಲ, ಎಲ್ಲದಕ್ಕೂ ಮೊಟ್ಟೆಯೇ ಯಾಕೆ?

ಮಂಜುನಾಥ: ಕೇಳಿದವರು ತಿಂತಾರೆ, ನಿಮಗೇನು ಕಷ್ಟ?

ಪದ್ಮಾ: ಗುಂಪಿನಲ್ಲಿ ಎಲ್ಲರೂ ಓದುತ್ತಾರೆ ಅಂತ ಕೇಳಿದೆ. ಮಾತು ನೋಡಿ ಆಡಿ.

ವಸುಧಾ: ಪದ್ಮಾ ಅವರೇ, ಬಟ್ಟೆಯಲ್ಲಿ ನೀರು ಬಸಿದ ಮೊಸರು, ಅದಕ್ಕೆ ಹಾಲಿನ ಪುಡಿ.

ನಾಗವೇಣಿ: ಅತ್ತೆಗೆ ನಾಲಿಗೆಗೆ ರುಚಿಯೇ ಗೊತ್ತಾಗಲ್ಲ, ಜಿಂಕ್ ಮಾತ್ರೆ ಕೊಡಬಹುದಾ?

ಗಿರೀಶ, ತುಮಕೂರು: ಅಪ್ಪನಿಗೆ ಹಲ್ಲೇ ಇಲ್ಲ. ಕೆಮ್ಮು ಇಲ್ಲ, ಶುಗರ್ ಇಲ್ಲ, ಅರ್ಧ ಲೋಟ ಗಂಜಿಗೇ ಸಾಕು ಅಂತಾರೆ. ಹಿಟ್ಟು ಜಾಸ್ತಿ ಹಾಕಿದರೆ ಅಂಬಲಿ ಗಟ್ಟಿ.

ವಸುಧಾ: ಇದಕ್ಕೆ ಮೊಳಕೆ ರಾಗಿ ಒಳ್ಳೆಯ ದಾರಿ. ರಾಗಿ 12 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಂದೂವರೆ ದಿನ ಮೊಳಕೆ ಬರಿಸಿ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಬೇರು ಉಜ್ಜಿ ತೆಗೆದು, ಹುರಿಯದೆ ಬೀಸಿ ಜರಡಿ ಹಿಡಿಯಿರಿ. ಮುಗ್ಗಲು ವಾಸನೆ ಬಂದರೆ ಪೂರ್ತಿ ಬಿಸಾಡಿ. ಮಾಮೂಲಿ ಹಿಟ್ಟು ನಾಲ್ಕು ದೊಡ್ಡ ಚಮಚ ಹಾಕಿ ಗಟ್ಟಿಯಾಗಿ ಬೇಯಿಸಿ ಇಳಿಸಿ. ಬೆರಳು ಅದ್ದಿದರೆ ತಡೆಯಲಾಗದಷ್ಟು ಬಿಸಿ ಇರಬೇಕು, ಆದರೆ ಕುದಿ ನಿಂತು ಹತ್ತು ನಿಮಿಷ ಆಗಿರಬೇಕು. ಆಗ ಒಂದು ಟೀ ಚಮಚ ಮೊಳಕೆ ಹಿಟ್ಟು ಹಾಕಿ ತಿರುಗಿಸಿ. ಐದು ನಿಮಿಷದಲ್ಲಿ ಸೌಟು ಹಗುರವಾಗಿ ಗಂಜಿ ತೆಳುವಾಗುತ್ತದೆ. ಪಿಷ್ಟ ಒಡೆಯುವುದರಿಂದ ಸಣ್ಣಗೆ ಸಿಹಿಯೂ ಬರುತ್ತದೆ. ಮತ್ತೊಮ್ಮೆ ಕುದಿಸಿ ಹಾಲು ಸೇರಿಸಿ. ಅಷ್ಟೇ ಲೋಟದಲ್ಲಿ ಎರಡು ಪಟ್ಟು ಹಿಟ್ಟು ಹೋಯಿತು.

ಗಿರೀಶ: ಅಂಗಡಿ ಮಾಲ್ಟ್ ಹಾಕಿ ನೋಡಿದೆ, ತೆಳುವಾಗಲೇ ಇಲ್ಲ.

ವಸುಧಾ: ಚೆನ್ನಾಗಿ ಹುರಿದಿರುತ್ತಾರೆ. ಹುರಿದರೆ ರುಚಿ ಬರುತ್ತದೆ, ತೆಳು ಮಾಡುವ ಗುಣ ಹೋಗುತ್ತದೆ. ಕುದಿಯುವಾಗಲೇ ಹಾಕಿದರೂ ಹಾಗೇ. ರೇಖಾ ಅವರೇ, ಇದನ್ನು ನಿಮ್ಮ ಅಮ್ಮನಿಗೆ ಮಾಡಬೇಡಿ.

ಲಲಿತಾ: ಪ್ರೋಟೀನ್ ಪೌಡರ್ ಯಾವುದು ಒಳ್ಳೆಯದು?

ವಸುಧಾ: ಕಿಡ್ನಿ ಪರೀಕ್ಷೆಯ ವರದಿ ನೋಡದೆ ಹೇಳುವುದಿಲ್ಲ.

ಸುರೇಶ: ಮೇಡಂ ಶುಗರ್ ಇರೋರು ಮೊಳಕೆ ರಾಗಿ ತಿನ್ನಬಹುದಾ? ಪ್ರೋಟೀನ್ ಪೌಡರ್?

ವಸುಧಾ: ಪೌಡರಿಗೆ ಉತ್ತರ ಮೇಲೆಯೇ ಇದೆ. ಈ ಗಂಜಿ ಶುಗರ್ ಬೇಗ ಏರಿಸುತ್ತದೆ, ಬೇಡ.

ಪ್ರಕಾಶ: ಹಿರಿಯರು ಕಷಾಯ ಕುಡಿದೇ ನೂರು ವರ್ಷ ಬಾಳಿದರು. ಈಗಿನವರಿಗೆ ಎಲ್ಲದಕ್ಕೂ ಪರೀಕ್ಷೆ.

ಬಸವರಾಜ: ನಿಮ್ಮ ಮೆಸೇಜ್ ನೋಡಿ ಯಾರರ ಆ ಅಜ್ಜಿಗೆ ಕಷಾಯ ಕುಡಿಸಿದ್ರ ಜವಾಬ್ದಾರಿ ನಿಮ್ದೇನ್ರಿ?

ಪ್ರಕಾಶ: ಹೇಳಿದ್ದೇ ತಪ್ಪಾಯ್ತು ಬಿಡಿ.

ರೇಖಾ: ಮೇಡಂ, ಗುರುವಾರಕ್ಕೆ ಮೈಸೂರಿಗೆ ಹೋಗ್ತಿದ್ದೀವಿ. ಅಲ್ಲಿಯವರೆಗೆ ನೀರು, ಮಾತ್ರೆ ಹೇಗೆ ಕೊಡಲಿ?

ವಸುಧಾ: ನೀರು ನಿಲ್ಲಿಸಬೇಡಿ, ಬಾಯಿ ತೊಳೆಸಿ ಟೀ ಚಮಚದಲ್ಲಿ ಕೊಡಿ. ನೇರವಾಗಿ ಕೂರಿಸಿ, ತಲೆ ಹಿಂದಕ್ಕೆ ವಾಲಬಾರದು. ಒಂದು ಗುಟುಕು ಇಳಿದು ದನಿ ತಿಳಿಯಾದ ಮೇಲೆ ಇನ್ನೊಂದು. ಊಟವಾಗಿ ಅರ್ಧ ಗಂಟೆ ಮಲಗಿಸಬೇಡಿ. ಮಾತ್ರೆಗಳಲ್ಲಿ ಕೆಲವನ್ನು ಪುಡಿ ಮಾಡಲೇಬಾರದು. ಚೀಟಿ ಹಿಡಿದು ಇವತ್ತೇ ಬರೆದುಕೊಟ್ಟ ವೈದ್ಯರನ್ನು ಕೇಳಿ, ಪುಡಿ ಮಾಡಬಹುದಾದದ್ದನ್ನು ಗಟ್ಟಿ ಮೊಸರಿನಲ್ಲಿ ಕೊಡಿ. ಸಡಿಲವಾದ ಹಲ್ಲಿನ ಸೆಟ್ಟನ್ನೂ ಮೈಸೂರಿಗೆ ತೆಗೆದುಕೊಂಡು ಹೋಗಿ.