ಲಿಫ್ಟ್ ಭಯ: ಒಂದೊಂದೇ ಮಹಡಿ ಅಭ್ಯಾಸ ಮಾಡಿದವರು ಅನುಭವ ಹೇಳಿ

ಕೇಳಿದವರು: ಹೊಸ ಕೆಲಸ ಸಿಕ್ಕಿದೆ, ಆಫೀಸು 9ನೇ ಮಹಡಿಯಲ್ಲಿ. 4 ವರ್ಷದ ಹಿಂದೆ ಕರೆಂಟ್ ಹೋಗಿ ಲಿಫ್ಟ್‌ನಲ್ಲಿ 20 ನಿಮಿಷ ಸಿಕ್ಕಿಹಾಕಿಕೊಂಡಿದ್ದೆ. ಅವತ್ತಿನಿಂದ ಬರೀ ಮೆಟ್ಟಿಲು. ಈಗ ಮಂಡಿ ನೋವು. ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಕೊಂಡರೆ ಭಯ ಹೋಗುತ್ತೆ ಅಂತಾರೆ. ನೀವು ಎಲ್ಲಿಂದ ಶುರು ಮಾಡಿದಿರಿ?

ರಾಜಾಜಿನಗರದವರು: ಮೊದಲು ಒಂದು ಮಹಡಿ, ಆಮೇಲೆ ಎರಡು, ಹೀಗೆ ಹೋಗಿ ಮೇಡಂ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳಿ, ಲಿಫ್ಟ್ ಕಡೆ ಗಮನ ಹೋಗಬಾರದು. ಎದೆ ಹೊಡೆದುಕೊಂಡರೆ ತಕ್ಷಣ ಇಳಿದುಬಿಡಿ, ನಾಳೆ ನೋಡಿದರಾಯಿತು. ಸುಮ್ನೆ ಹಿಂಸೆ ಪಡಬೇಡಿ.

14ನೇ ಮಹಡಿಯವಳು: ಮೇಲಿನವರು ಒಂದೊಂದೇ ಮಹಡಿ ಅಂದಿದ್ದು ಸರಿ. ಆದರೆ ಹಾಡು ಕೇಳುವುದು, ಭಯ ಬಂದ ತಕ್ಷಣ ಇಳಿಯುವುದು, ಇವೆರಡೂ ನನ್ನನ್ನು ತಿಂಗಳುಗಟ್ಟಲೆ ಅಲ್ಲೇ ನಿಲ್ಲಿಸಿದ್ದವು. ಭಯ ಏರಿದಾಗ ಹೊರಗೆ ಓಡಿದರೆ "ಓಡಿದ್ದಕ್ಕೇ ಬಚಾವಾದೆ" ಅಂತ ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತದೆ.

ನಾನು ಮಾಡಿದ್ದು ಕೌನ್ಸೆಲರ್ ಜೊತೆ. ಮೊದಲು ಒಂದು ನೋಟ್‌ಬುಕ್‌ನಲ್ಲಿ ಲಿಫ್ಟ್‌ಗೆ ಸಂಬಂಧಪಟ್ಟಿದ್ದನ್ನೆಲ್ಲ ಬರೆದು, ಒಂದೊಂದಕ್ಕೂ 0ಯಿಂದ 100ರವರೆಗೆ ಭಯದ ಅಂಕಿ ಹಾಕಿದೆವು. ಹೊರಗೆ ನಿಂತು ಬಾಗಿಲು ನೋಡುವುದು 20. ಬಾಗಿಲು ತೆರೆದಿರುವಾಗ ಒಳಗೆ ನಿಲ್ಲುವುದು 40. ಗಂಡನ ಜೊತೆ ಒಂದು ಮಹಡಿ 50, ಒಬ್ಬಳೇ ಆದರೆ 65. ಜನ ತುಂಬಿದ ಲಿಫ್ಟ್ 80. ಮಳೆಗಾಲದ ಸಂಜೆ ಒಬ್ಬಳೇ 14ನೇ ಮಹಡಿಗೆ ಹೋಗುವುದು 95. ಶುರು ಮಾಡಿದ್ದು 40ರಿಂದ. 20ರಲ್ಲಿ ಕಲಿಯುವುದಕ್ಕೆ ಏನೂ ಇರಲಿಲ್ಲ, 80ಕ್ಕೆ ಹೋಗಿದ್ದರೆ ನಾನು ಎರಡನೇ ದಿನ ಬರುತ್ತಲೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ 2 ಗಂಟೆ, ಓಡಾಟ ಕಡಿಮೆ. ಗಂಡ ಹೊರಗೆ ಬಟನ್ ಒತ್ತಿ ಬಾಗಿಲು ಮುಚ್ಚದ ಹಾಗೆ ನೋಡಿಕೊಂಡರು. ಒಳಗೆ ಹೋಗುವ ಮುಂಚೆ ಬರೆದಿದ್ದೆ: "ಗಾಳಿ ಸಾಲದೆ 5 ನಿಮಿಷದಲ್ಲಿ ತಲೆ ಸುತ್ತಿ ಬೀಳುತ್ತೇನೆ." ಎರಡನೇ ನಿಮಿಷಕ್ಕೆ ಅಂಗೈ ಒದ್ದೆ, ಅಂಕಿ 60. ಇಳಿಯಲಿಲ್ಲ. ಬಾಗಿಲ ಸಂದಿಗೆ ಕೈ ಹಿಡಿದೆ, ತಣ್ಣಗೆ ಗಾಳಿ ತಾಗಿತು. ಮೇಲೆ ಫ್ಯಾನ್ ತಿರುಗುತ್ತಿತ್ತು. 12ನೇ ನಿಮಿಷಕ್ಕೆ ಅಂಕಿ 30. ಹೊರಗೆ ಬಂದು ಬರೆದೆ: "ಬೀಳಲಿಲ್ಲ." ಅವತ್ತೇ ಇನ್ನೂ ಮೂರು ಸಲ ಹೋಗಿ ನಿಂತೆ. ಆಮೇಲೆ ದಿನಾ ಅರ್ಧ ಗಂಟೆ, ಒಂದೇ ಮಹಡಿ, ಏಳೆಂಟು ಸಲ. ವಾರಕ್ಕೊಮ್ಮೆ ಮಾಡುವುದಕ್ಕಿಂತ ಹೀಗೆ ಒತ್ತೊತ್ತಾಗಿ ಮಾಡಿದ್ದೇ ನನಗೆ ಕೆಲಸಕ್ಕೆ ಬಂತು.

ಕೆಲವು ದಿನ ಅಂಕಿ ಇಳಿಯುವುದೇ ಇಲ್ಲ. ನಾನು ಅತ್ತಿದ್ದೇನೆ. ಇಳಿಯದಿದ್ದರೂ ಪರವಾಗಿಲ್ಲ, ನೀವು ಬರೆದುಕೊಂಡಿದ್ದು ಆಯಿತಾ ಇಲ್ಲವಾ ಅದನ್ನು ನೋಡಿ ಅಂದರು ಕೌನ್ಸೆಲರ್. ಆಗಿರಲಿಲ್ಲ.

ಮೂರನೇ ವಾರ 6ನೇ ಮಹಡಿಯವರೆಗೆ ಒಬ್ಬಳೇ ಹೋಗುತ್ತಿದ್ದೆ, ಅಂಕಿ 25. ಒಂದು ದಿನ ಫೋನ್ ಮನೆಯಲ್ಲೇ ಮರೆತು ಬಂದೆ, ಅಂಕಿ ಸೀದಾ 75. ಆಗ ಗೊತ್ತಾಯಿತು, ಅಷ್ಟೂ ದಿನ ಫೋನನ್ನು ಮುಷ್ಟಿಯಲ್ಲಿ ಹಿಡಿದು, ಅಲಾರಂ ಬಟನ್ ಪಕ್ಕ ಬೆರಳಿಟ್ಟುಕೊಂಡೇ ನಿಲ್ಲುತ್ತಿದ್ದೆ. ಧೈರ್ಯ ಬಂದಿದ್ದು ಫೋನ್ ಮೇಲೆ, ಲಿಫ್ಟ್ ಮೇಲೆ ಅಲ್ಲ. ಫೋನ್ ಬ್ಯಾಗಿಗೆ ಹಾಕಿ, ಹಿಂದಿನ ಗೋಡೆಗೆ ನಿಂತು, ಒಂದನೇ ಮಹಡಿಯಿಂದ ಮತ್ತೆ ಮಾಡಿದೆ. ಈ ಸಲ ಒಂದೇ ವಾರ ಸಾಕಾಯಿತು.

ಲಿಫ್ಟ್ ಸರ್ವೀಸ್ ಕೆಲಸದವರು: 16 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಅದಕ್ಕೆ ಎರಡು ಮಾತು. ಹಗ್ಗದ ಲಿಫ್ಟ್‌ಗೆ ಒಂದಲ್ಲ, ಹಲವು ಉಕ್ಕಿನ ಹಗ್ಗ ಇರುತ್ತವೆ. ಕ್ಯಾಬಿನ್ ಮಿತಿ ಮೀರಿ ಜೋರಾಗಿ ಇಳಿದರೆ ವೇಗದ ಮೇಲೆ ಕಣ್ಣಿಡುವ ಗವರ್ನರ್ ಅನ್ನುವ ಸಾಧನ ಎಳೆದು, ಕೆಳಗಿನ ಸೇಫ್ಟಿ ಗೇರ್ ಹಳಿಯನ್ನು ಕಚ್ಚಿ ಹಿಡಿಯುತ್ತದೆ. ಕ್ಯಾಬಿನ್‌ನಲ್ಲಿ ಗಾಳಿಗೆ ಸಂದಿ ಬಿಟ್ಟೇ ಇರುತ್ತಾರೆ. ಈಗಿನ ಎಷ್ಟೋ ಲಿಫ್ಟ್‌ಗಳಲ್ಲಿ ಎಆರ್‌ಡಿ ಅನ್ನುವ ಸಾಧನ ಇದೆ, ಕರೆಂಟ್ ಹೋದರೆ ಬ್ಯಾಟರಿಯಲ್ಲಿ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುತ್ತದೆ. ಬ್ಯಾಟರಿ ಸತ್ತಿದ್ದರೆ ಅದೂ ಕೆಲಸ ಮಾಡಲ್ಲ. ನಿಮ್ಮ ಆಫೀಸಿನ ಮೇಂಟೆನೆನ್ಸ್‌ನವರನ್ನು ಒಂದು ಸಲ ಕೇಳಿ. ಸಿಕ್ಕಿಹಾಕಿಕೊಳ್ಳುವುದೇ ಇಲ್ಲ ಅಂತ ಮಾತ್ರ ಹೇಳಲಾರೆ. ಸಿಕ್ಕಿಕೊಂಡರೆ ಅಲಾರಂ ಒತ್ತಿ, ಬಾಗಿಲು ಮೀಟಬೇಡಿ, ಮಧ್ಯದಲ್ಲಿ ನಿಂತ ಲಿಫ್ಟ್‌ನಿಂದ ಜಿಗಿಯಬೇಡಿ. ಅಭ್ಯಾಸ ಅಂತ ಹೋಗುತ್ತಿರುವ ಲಿಫ್ಟನ್ನು ನಿಲ್ಲಿಸಲೂ ಬೇಡಿ.

14ನೇ ಮಹಡಿಯವಳು: ತುಂಬಾ ಉಪಕಾರ ಅಣ್ಣ. ಕೇಳಿದವರಿಗೆ ಒಂದು ಮಾತು: ಇದನ್ನು ಒಂದು ಸಲ ಓದಿ ಸಾಕು. ನಾನು ದಿನಾ ವಾಚ್‌ಮನ್‌ಗೆ "ಬ್ಯಾಟರಿ ಸರಿ ಇದೆ ತಾನೇ" ಅಂತ ಕೇಳಿಯೇ ಹತ್ತುತ್ತಿದ್ದೆ. ಅದೂ ಫೋನ್ ಹಿಡಿದ ಹಾಗೇ ಆಗಿತ್ತು.

ಶಿವಮೊಗ್ಗದವರು: ನನಗೂ ಇದೇ ಸಮಸ್ಯೆ. ರಕ್ತ ಕೊಡುವಾಗ ಸೂಜಿ ನೋಡಿದರೆ ಬಿದ್ದೇಬಿಡುತ್ತೇನೆ. ಲ್ಯಾಬ್‌ನಲ್ಲಿ ಹೀಗೇ 12 ನಿಮಿಷ ನಿಂತರೆ ಹೋಗುತ್ತಾ?

ನರ್ಸ್ ಒಬ್ಬರು: ನಿಮ್ಮದು ಬೇರೆ. ಲಿಫ್ಟ್ ಭಯದಲ್ಲಿ ಬೀಳುತ್ತೇನೆ ಅನ್ನಿಸುತ್ತದೆ, ಸಾಮಾನ್ಯವಾಗಿ ಬೀಳಲ್ಲ. ರಕ್ತ, ಸೂಜಿಯ ಭಯದಲ್ಲಿ ಬಿಪಿ ಮೊದಲು ಏರಿ ಆಮೇಲೆ ಧಡಕ್ಕನೆ ಇಳಿಯುತ್ತದೆ, ಅದಕ್ಕೇ ನಿಜವಾಗಿ ಬೀಳುತ್ತೀರಿ. ಮೈ ಸಡಿಲ ಬಿಟ್ಟರೆ ಇನ್ನೂ ಕೆಡುತ್ತದೆ. ಕೈ, ಕಾಲು, ಹೊಟ್ಟೆ ಬಿಗಿ ಮಾಡಿ ಮುಖ ಬಿಸಿಯಾಗುವವರೆಗೆ 10–15 ಸೆಕೆಂಡ್ ಹಿಡಿಯಬೇಕು, ಅರ್ಧ ನಿಮಿಷ ಬಿಟ್ಟು ಮತ್ತೆ ಬಿಗಿ ಮಾಡಬೇಕು, ಹೀಗೆ ಐದು ಸಲ. ಇದನ್ನು ಕಲಿತ ಮೇಲೇ ಸೂಜಿ ನೋಡುವ ಅಭ್ಯಾಸ. ಒಬ್ಬರೇ ಮಾಡಬೇಡಿ, ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ.

ದುಬೈನಿಂದ: ನನ್ನದು ವಿಮಾನದ ಭಯ. ಹತ್ತುವ ಮುಂಚೆ ಒಂದು ಮಾತ್ರೆ ತಗೋತೀನಿ. ಆರು ಸಲ ಬಂದು ಹೋದೆ, ಏಳನೇ ಸಲಕ್ಕೂ ಅಷ್ಟೇ ಭಯ. ಮಾತ್ರೆಯಿಂದ ಕಲಿಕೆ ನಿಂತುಹೋಗುತ್ತಾ?

14ನೇ ಮಹಡಿಯವಳು: ನಮ್ಮ ಕೌನ್ಸೆಲರ್ ಅದನ್ನೇ ಹೇಳುತ್ತಿದ್ದರು. ಮಾತ್ರೆ ತಗೊಂಡು ಮಾಡಿದ ಅಭ್ಯಾಸದ ಯಶಸ್ಸು ಮಾತ್ರೆಯ ಲೆಕ್ಕಕ್ಕೆ ಹೋಗುತ್ತೆ ಅಂತ.

ಹುಬ್ಬಳ್ಳಿಯ ತಾಯಿ: ನಾನು ಒಪ್ಪಲ್ಲ ತಂಗಿ. ಮಗಳ ಹೆರಿಗೆಗೆ ಹೋಗಲೇಬೇಕಿತ್ತು, ಅಭ್ಯಾಸಕ್ಕೆ ಟೈಮ್ ಎಲ್ಲಿತ್ತು? ಡಾಕ್ಟರ್ ಕೊಟ್ಟ ಮಾತ್ರೆಯಿಂದಲೇ ಹೋದೆ, ಮೊಮ್ಮಗನ ಮುಖ ನೋಡಿದೆ. ಮಾತ್ರೆ ಬಿಡುವುದೂ ಡಾಕ್ಟರ್ ಹೇಳಿದ ಹಾಗೇ ಆಗಬೇಕು, ನಾವೇ ನಿಲ್ಲಿಸಬಾರದು.

ನರ್ಸ್ ಒಬ್ಬರು: ಅಮ್ಮ ಹೇಳಿದ ಕೊನೆಯ ಮಾತು ಸರಿ. ಹೃದಯದ ತೊಂದರೆ ಇದ್ದವರು, ಲಿಫ್ಟ್ ಇಲ್ಲದ ಕಡೆಯೂ ಇದ್ದಕ್ಕಿದ್ದಂತೆ ಹೀಗೆ ಭಯ ಆಗುವವರು ಮೊದಲು ತೋರಿಸಿಕೊಳ್ಳಿ. ಯಾರನ್ನು ಕೇಳಬೇಕು ಗೊತ್ತಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ತೆರೆದಿಟ್ಟು 9 ನಿಮಿಷ ನಿಂತೆ. 70ರಿಂದ 45ಕ್ಕೆ ಬಂತು. ಬರೆದಿದ್ದು "ಕಿರುಚಿಬಿಡುತ್ತೇನೆ" ಅಂತ, ಕಿರುಚಲಿಲ್ಲ. ಆದರೆ ಅಕ್ಕನ ಸೆರಗು ಹಿಡಿದುಕೊಂಡಿದ್ದೆ. ಆಫೀಸಿನ ಲಿಫ್ಟ್ ಬೆಳಿಗ್ಗೆ ಯಾವಾಗಲೂ ತುಂಬಿರುತ್ತೆ, ಅಲ್ಲಿ ಹೇಗೆ ಶುರು ಮಾಡಲಿ?

14ನೇ ಮಹಡಿಯವಳು: ನಾಳೆ ಅದೇ ಲಿಫ್ಟ್, ಸೆರಗು ಬಿಟ್ಟು, ಅಕ್ಕ ಹೊರಗೆ. ಆಫೀಸಿನದು ಆಮೇಲೆ. ಅದಕ್ಕೆ ಒಂದು ವಾರ 8 ಗಂಟೆಗೇ ಹೋಗಿ, ಖಾಲಿ ಇರುವಾಗ 1ರಿಂದ 2ಕ್ಕೆ ಮಾಡಿ. ಉಳಿದ ಮಹಡಿಗಳಿಗೆ ಮೆಟ್ಟಿಲೇ ಇರಲಿ.