ಸಹಾಯ ಬೇಕು: ‘ಐ ಡೋಂಟ್ ಥಿಂಕ್’ ವಾಕ್ಯಕ್ಕೆ ಸೇರುವ ಕ್ವೆಶ್ಚನ್ ಟ್ಯಾಗ್ ಮತ್ತು ಅದರ ಧ್ವನಿ

ಕ್ವೆಶ್ಚನ್ ಟ್ಯಾಗ್ ಎಂದರೆ ವಾಕ್ಯದ ಕೊನೆಗೆ ಸೇರಿಸುವ ಚಿಕ್ಕ ಪ್ರಶ್ನೆ. ಆಡುಮಾತಿನ ಇಂಗ್ಲಿಷ್‌ನಲ್ಲಿ ವಾಕ್ಯದ ಸಹಾಯಕ ಕ್ರಿಯಾಪದವನ್ನೇ ಮರಳಿ ಬಳಸಿ, ಕರ್ತೃವಿನ ಜಾಗದಲ್ಲಿ ಸರ್ವನಾಮವಿಟ್ಟು, ಸಕಾರಾತ್ಮಕ ವಾಕ್ಯಕ್ಕೆ ನಕಾರಾತ್ಮಕ ಟ್ಯಾಗನ್ನೂ ನಕಾರಾತ್ಮಕ ವಾಕ್ಯಕ್ಕೆ ಸಕಾರಾತ್ಮಕ ಟ್ಯಾಗನ್ನೂ ಸೇರಿಸುವುದು ಸಾಮಾನ್ಯ ನಿಯಮ. ಆದರೆ ‘ಐ ಡೋಂಟ್ ಥಿಂಕ್ ಶೀ ಈಸ್ ಕಮಿಂಗ್’ ಎಂಬ ವಾಕ್ಯಕ್ಕೆ ‘ಡೂ ಐ’ ಎಂದಲ್ಲ, ‘ಈಸ್ ಶೀ’ ಎಂದೇ ಟ್ಯಾಗ್ ಸೇರುತ್ತದೆ. ಇಲ್ಲಿ ಚರ್ಚೆಯ ವಿಷಯ ಅವಳ ಬರುವಿಕೆಯೇ ಹೊರತು ನನ್ನ ಆಲೋಚನೆಯಲ್ಲ; ‘ಡೋಂಟ್’ನ ನಿಷೇಧವೂ ಅರ್ಥದಲ್ಲಿ ‘ಈಸ್ ಕಮಿಂಗ್’ಗೇ ಸೇರಿದ್ದು. ಆದ್ದರಿಂದಲೇ ಟ್ಯಾಗ್ ಸಕಾರಾತ್ಮಕವಾಗಿದೆ ಎಂಬುದು ನನ್ನ ತಿಳಿವಳಿಕೆ. ಕರ್ತೃ ಬದಲಾಗಿ ‘ಹೀ ಡಸಂಟ್ ಥಿಂಕ್ ಶೀ ಈಸ್ ಕಮಿಂಗ್’ ಎಂದಾದರೆ ಮಾತ್ರ ‘ಡಸ್ ಹೀ’ ಬರುತ್ತದೆ, ಏಕೆಂದರೆ ಆಗ ಹೇಳುತ್ತಿರುವುದು ಅವನ ಅಭಿಪ್ರಾಯವನ್ನು.

ನನ್ನನ್ನು ನಿಜಕ್ಕೂ ಕಾಡುತ್ತಿರುವುದು ಧ್ವನಿಯ ಪ್ರಶ್ನೆ. ಟ್ಯಾಗಿನ ಮೇಲೆ ಧ್ವನಿ ಇಳಿದರೆ ಮಾತನಾಡುವವರಿಗೆ ಉತ್ತರ ಬಹುಮಟ್ಟಿಗೆ ತಿಳಿದಿದ್ದು ಕೇಳುಗರ ಒಪ್ಪಿಗೆಯನ್ನಷ್ಟೇ ಬಯಸುತ್ತಾರೆ, ಏರಿದರೆ ನಿಜವಾಗಿಯೂ ಉತ್ತರ ಕೇಳುತ್ತಾರೆ. ಆದರೆ ‘ಐ ಡೋಂಟ್ ಥಿಂಕ್’ ಎಂಬುದೇ ಸ್ವಲ್ಪ ಅನಿಶ್ಚಿತತೆಯನ್ನು ಸೂಚಿಸುತ್ತದಲ್ಲವೇ? ಹಾಗಿರುವಾಗ ‘ಈಸ್ ಶೀ’ ಎಂಬುದನ್ನು ಇಳಿಧ್ವನಿಯಲ್ಲಿ ಹೇಳಿದರೂ ಅದು ಒಪ್ಪಿಗೆಯ ಒತ್ತಾಯವಾಗಿ ಕೇಳಿಸುತ್ತದೆಯೇ? ಇಂಗ್ಲಿಷನ್ನು ನಿತ್ಯ ಆಡುವವರು ಅಥವಾ ಬೋಧಿಸುವವರು ದಯವಿಟ್ಟು ಒಂದೆರಡು ಸಂಭಾಷಣೆಗಳ ಉದಾಹರಣೆಯೊಂದಿಗೆ ವಿವರಿಸಬೇಕೆಂದು ಕೋರುತ್ತೇನೆ.